ಐದು ಪುಸ್ತಕ, ಒಂದೇ ಲೆನ್ಸ್

ಪುಸ್ತಕ ಮುಚ್ಚಿ ಅದರ ಅಂಚು ನೋಡಿದರೆ ಸಾಕು, ಓದಿದವರು ಎಲ್ಲಿವರೆಗೆ ಹೋಗಿದ್ದಾರೆ ಅಂತ ಗೊತ್ತಾಗುತ್ತದೆ. ಬೆರಳು ತಾಗಿ ತಾಗಿ ಹಾಳೆಯ ಅಂಚು ಮಾಸಿರುತ್ತದೆ. ಎಲ್ಲಿ ಮಾಸಲು ನಿಂತು ಬಿಳುಪು ಶುರುವಾಗುತ್ತದೋ, ಓದು ಅಲ್ಲಿಗೆ ನಿಂತಿದೆ.

ನಾನು ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. "ಸರ್, ಎಷ್ಟು ಓದಿದ್ರೂ ಲೆಕ್ಕ ಬರ್ತಿಲ್ಲ" ಅಂತ ಯಾರಾದರೂ ಬಂದರೆ ನಾನು ಪಾಠ ಶುರು ಮಾಡುವುದಿಲ್ಲ. ಓದುತ್ತಿರುವುದನ್ನೆಲ್ಲ ಒಮ್ಮೆ ತಂದು ಮೇಜಿನ ಮೇಲೆ ಇಡು ಅನ್ನುತ್ತೇನೆ. ಹಾಗೆ ಒಬ್ಬ ಹುಡುಗಿ ತಂದಿಟ್ಟದ್ದು ಇಷ್ಟು: ತರಗತಿಯ ಪಠ್ಯಪುಸ್ತಕ, ಎರಡು ದಪ್ಪ ಪುಸ್ತಕ, ಅವಳ ಅಕ್ಕ ಹೋಗುತ್ತಿದ್ದ ಕೋಚಿಂಗಿನ ಪ್ರಿಂಟ್ ನೋಟ್ಸ್, ಗೆಳತಿಯೊಬ್ಬಳ ನೋಟ್ಸಿನ ಜೆರಾಕ್ಸ್. ಜೊತೆಗೆ ಮೊಬೈಲು. ಅದರಲ್ಲಿ ಮೂರು ಬೇರೆ ಬೇರೆ ಮೇಷ್ಟ್ರ ವಿಡಿಯೋ ಸಾಲು.

ಬೆಳಕಿನ ಅಧ್ಯಾಯ ತೆಗೆದೆ. ಐದರಲ್ಲೂ ಒಂದೇ ಕಥೆ. ಮೊದಲ ಕೆಲವು ಪುಟ ಮಾಸಿವೆ, ಅಡಿಗೆರೆ ಬಿದ್ದಿದೆ, ಹಳದಿ ಬಣ್ಣ ಬಳಿದಿದೆ. ಲೆನ್ಸ್ ಬರುವ ಹೊತ್ತಿಗೆ ಗೆರೆ ತೆಳುವಾಗುತ್ತದೆ. ಎರಡು ಲೆನ್ಸ್ ಜೋಡಿಸಿದರೆ ಏನಾಗುತ್ತದೆ ಅನ್ನುವ ಪುಟದಲ್ಲಿ ಒಂದು ಚುಕ್ಕೆಯೂ ಇಲ್ಲ. ದೂರದರ್ಶಕದ ಪುಟ ಅಂಗಡಿಯಿಂದ ಬಂದ ಹಾಗೇ ಇದೆ. ಅಂದರೆ ಪ್ರತಿಫಲನದ ನಿಯಮವನ್ನು ಅವಳು ಐದು ಕಡೆ ಓದಿದ್ದಾಳೆ, ದೂರದರ್ಶಕವನ್ನು ಒಂದು ಕಡೆಯೂ ಓದಿಲ್ಲ. ಇಂಥವರನ್ನು ಸೋಮಾರಿ ಅಂತ ಬೈಯುವವರು ಇದ್ದಾರೆ. ಸೋಮಾರಿ ಅಲ್ಲ ಮಾರಾಯ್ರೇ, ತರಗತಿಯ ಬೇರೆಯವರಿಗಿಂತ ಜಾಸ್ತಿ ಹೊತ್ತು ಕೂತು ಓದಿದ ಹುಡುಗಿ ಅವಳು. ಆ ಓದೆಲ್ಲ ಅಧ್ಯಾಯದ ಬಾಗಿಲಲ್ಲೇ ಖರ್ಚಾಗಿತ್ತು.

ಅವಳಿಗೆ ಒಂದು ಕೆಲಸ ಹೇಳಿದೆ. ಒಂದು ವಾರ ಹೇಗೆ ಓದುತ್ತಿದ್ದೀಯೋ ಹಾಗೇ ಓದು, ಏನೂ ಬದಲಿಸಬೇಡ. ಆದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕುವಾಗ, ಬಿಡುತ್ತಿರುವ ಪುಟದಲ್ಲಿ ಕೊನೆಗೆ ಓದಿದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಬಾಣ ಹಾಕು. ವಿಡಿಯೋ ಆದರೆ ನಿಲ್ಲಿಸಿದ ನಿಮಿಷ ಬರೆದುಕೋ. ಅಷ್ಟೇ.

ವಾರದ ನಂತರ ಬಾಣಗಳನ್ನು ಒಂದೊಂದಾಗಿ ನೋಡಿದೆವು. ಮನಸ್ಸಿಗೆ ಬಂದ ಕಡೆ ಬಿದ್ದ ಬಾಣಗಳಲ್ಲ ಅವು. ಪಠ್ಯಪುಸ್ತಕದ ಬಾಣ ಲೆನ್ಸಿನ ಸೂತ್ರವನ್ನು ಸಾಧಿಸುವ ಕಡೆ ಇತ್ತು. ಮೊದಲ ದಪ್ಪ ಪುಸ್ತಕದ ಬಾಣವೂ ಅಲ್ಲೇ. ಒಂದು ವಿಡಿಯೋ ನಿಂತದ್ದೂ ಮೇಷ್ಟ್ರು ಅದೇ ಚಿತ್ರ ಬರೆಯುತ್ತಿದ್ದಾಗ. ಅವಳು ಬೇಜಾರಾಗಿ ಜಿಗಿಯುತ್ತಿರಲಿಲ್ಲ. ಒಂದೇ ಕಲ್ಲಿಗೆ ಎಡವಿ, ಬೇರೆ ದಾರಿಯಲ್ಲಿ ಬಂದು, ಮತ್ತೆ ಅದೇ ಕಲ್ಲಿಗೆ ಎಡವುತ್ತಿದ್ದಳು.

ಆ ಕಲ್ಲು ಯಾವುದು ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಉಳಿದ ಮಾತೆಲ್ಲ ಅದರ ಮೇಲೆ ನಿಂತಿದೆ.

ಪೀನ ಲೆನ್ಸಿನ ಮುಂದೆ ಒಂದು ವಸ್ತು ಇದೆ, ಹಿಂದೆ ಅದರ ತಲೆಕೆಳಗಾದ ಪ್ರತಿಬಿಂಬ. ವಸ್ತುವಿನ ದೂರ u, ಪ್ರತಿಬಿಂಬದ ದೂರ v, ಸಂಗಮದೂರ f. ಸದ್ಯಕ್ಕೆ ಚಿಹ್ನೆಗಳನ್ನು ಮರೆತು ಬರೀ ಉದ್ದಗಳನ್ನು ನೋಡೋಣ. ಚಿತ್ರದಲ್ಲಿ ಎರಡು ಜೋಡಿ ಸಮರೂಪ ತ್ರಿಭುಜಗಳಿವೆ. ಒಂದು ಜೋಡಿ ಲೆನ್ಸಿನ ನಡುವಿನ ಬಿಂದುವಿನಲ್ಲಿ ತುದಿ ಸೇರಿಸಿಕೊಂಡಿದೆ. ಇನ್ನೊಂದು ಜೋಡಿ ಸಂಗಮ ಬಿಂದುವಿನಲ್ಲಿ. ಮೊದಲ ಜೋಡಿಯ ಪ್ರಕಾರ ಪ್ರತಿಬಿಂಬ ವಸ್ತುವಿನ v/u ಪಟ್ಟು ಎತ್ತರ. ಎರಡನೇ ಜೋಡಿಯ ಪ್ರಕಾರ (v − f)/f ಪಟ್ಟು. ಎರಡೂ ಒಂದೇ ಪ್ರತಿಬಿಂಬದ ಮಾತಾದ್ದರಿಂದ ಎರಡೂ ಸಮ.

```
v/u = (v − f)/f
v/u = v/f − 1
1/u = 1/f − 1/v
```

ಮುಗಿಯಿತು. ಕೊನೆಯ ಸಾಲಿಗೆ ಬರಲು ಎರಡೂ ಕಡೆ v ಇಂದ ಭಾಗಿಸಿದೆವು, ಅಷ್ಟೇ. ವಸ್ತು 30 ಸೆಂ.ಮೀ. ದೂರದಲ್ಲಿದ್ದು ಸಂಗಮದೂರ 20 ಸೆಂ.ಮೀ. ಆಗಿದ್ದರೆ ಪ್ರತಿಬಿಂಬ 60 ಸೆಂ.ಮೀ. ದೂರದಲ್ಲಿ ಬೀಳುತ್ತದೆ. ತಾಳೆ ನೋಡಿ: 60/30 ಅಂದರೆ 2. (60 − 20)/20 ಅಂದರೂ 2.

ಅವಳಿಗೆ ಬೀಜಗಣಿತ ತೊಡಕಾಗಿರಲಿಲ್ಲ. "ಆ ತ್ರಿಭುಜಗಳು ಸಮರೂಪ ಅಂತ ಹೇಗೆ ಹೇಳ್ತೀಯಾ?" ಅಂದಾಗ ಸುಮ್ಮನಾದಳು. ಲಂಬಕೋನ ಎರಡರಲ್ಲೂ ಇದೆ, ತುದಿ ಸೇರುವ ಕಡೆ ಎದುರುಬದುರು ಕೋನಗಳು ಸಮ, ಹಾಗಾಗಿ ಮೂರನೆಯದೂ ಸಮ. ಇದು ಕೆಳಗಿನ ತರಗತಿಯ ರೇಖಾಗಣಿತ. ಆಗ ಹೇಗೋ ಜಾರಿ ಹೋಗಿತ್ತು. ಪಠ್ಯಪುಸ್ತಕ "ಸಮರೂಪ ತ್ರಿಭುಜಗಳಿಂದ" ಅಂತ ಒಂದೇ ಮಾತಿನಲ್ಲಿ ದಾಟುತ್ತದೆ. ದಪ್ಪ ಪುಸ್ತಕವೂ ಹಾಗೇ. ವಿಡಿಯೋದ ಮೇಷ್ಟ್ರು "ಇದು ನಿಮಗೆಲ್ಲ ಗೊತ್ತಿರೋದೇ" ಅಂತ ಮುಂದೆ ಹೋಗುತ್ತಾರೆ. ಕೋಚಿಂಗ್ ನೋಟ್ಸಿನಲ್ಲಿ ಬರೀ ಒಂದು ಚಿಹ್ನೆ, ಒಂದು ಬಾಣ.

ಒಂದೇ ಪರೀಕ್ಷೆಗೆ ಬರೆದ ಪುಸ್ತಕಗಳೆಲ್ಲ ಓದುಗರಿಗೆ ಹಿಂದಿನದು ಇಷ್ಟು ಗೊತ್ತಿದೆ ಅಂತ ಸುಮಾರು ಒಂದೇ ಮಟ್ಟವನ್ನು ಲೆಕ್ಕ ಹಿಡಿದಿರುತ್ತವೆ. ಹಾಗಾಗಿ ಕೆಳಗಿನ ಮೆಟ್ಟಿಲು ಇಲ್ಲದವರು ಪಕ್ಕದ ಪುಸ್ತಕಕ್ಕೆ ಹಾರಿದರೆ ಅಲ್ಲೂ ಆ ಮೆಟ್ಟಿಲು ಇರುವುದಿಲ್ಲ. ಎರಡು ಕಡೆ ಒಂದೇ ಸಾಲಿನಲ್ಲಿ ನಿಂತರೆ ಮೂರನೆಯದನ್ನು ತೆಗೆಯಬೇಡಿ. ಹಿಂದಿನ ತರಗತಿಯ ಪುಸ್ತಕ ತೆಗೆಯಿರಿ. ಅವಳು ಹಾಗೇ ಮಾಡಿದಳು. ಮುಕ್ಕಾಲು ಗಂಟೆ ಸಮರೂಪ ತ್ರಿಭುಜಗಳ ಜೊತೆ ಕೂತು, ಆಮೇಲೆ ಲೆನ್ಸಿನ ಚಿತ್ರವನ್ನು ತಾನೇ ಬರೆದಳು.

ಇಷ್ಟಕ್ಕೇ ಮುಗಿಯಲಿಲ್ಲ. ಜಿಗಿದಾಟ ಮಾಡಿದ ಇನ್ನೊಂದು ಕಿತಾಪತಿ ಅವಳ ಲೆಕ್ಕದ ಪುಸ್ತಕದಲ್ಲಿ ಇತ್ತು.

ಮೇಲಿನದೇ ಲೆಕ್ಕ ಕೊಟ್ಟೆ: ಸಂಗಮದೂರ 20, ವಸ್ತು 30 ಸೆಂ.ಮೀ. ದೂರದಲ್ಲಿ. ಅವಳ ಉತ್ತರ 12 ಸೆಂ.ಮೀ. ಗುಣಾಕಾರ ಭಾಗಾಕಾರ ಎಲ್ಲ ಸರಿ. ಬರೆದ ಸೂತ್ರವೂ ಸರಿ. ಆದರೂ 12. ಯಾಕೆ?

ಬೆಳಕಿನ ಲೆಕ್ಕದಲ್ಲಿ ಚಿಹ್ನೆ ಹಾಕುವ ಪದ್ಧತಿ ಒಂದೇ ಅಲ್ಲ. ಜಾಸ್ತಿ ಬಳಕೆಯಲ್ಲಿರುವುದು ಕಾರ್ಟೀಷಿಯನ್ ಪದ್ಧತಿ. ಎಲ್ಲ ದೂರಗಳನ್ನು ಲೆನ್ಸಿನ ನಡುವಿನಿಂದ ಅಳೆಯಬೇಕು. ಬೆಳಕು ಸಾಗುವ ದಿಕ್ಕಿನಲ್ಲಿ ಅಳೆದರೆ ಧನ, ಎದುರು ದಿಕ್ಕಿನಲ್ಲಿ ಅಳೆದರೆ ಋಣ. ವಸ್ತು ಲೆನ್ಸಿನ ಮುಂದೆ ಇರುವುದರಿಂದ u ಋಣ. ಇನ್ನೊಂದು ಪದ್ಧತಿಯಲ್ಲಿ ನಿಜವಾದ ವಸ್ತು, ನಿಜವಾದ ಪ್ರತಿಬಿಂಬಗಳ ದೂರವೆಲ್ಲ ಧನ, ಮಿಥ್ಯವಾದವುಗಳದ್ದು ಋಣ. ಇಂಗ್ಲಿಷಿನ ಹಲವು ಹಳೆಯ ಪುಸ್ತಕಗಳಲ್ಲಿ ಇದೇ ಕಾಣುತ್ತದೆ. ಎರಡಕ್ಕೂ ಸೂತ್ರ ಬೇರೆ.

```
ಕಾರ್ಟೀಷಿಯನ್:    1/v − 1/u = 1/f     u = −30, f = +20
ನಿಜವಾದದ್ದು ಧನ:   1/u + 1/v = 1/f     u = +30, f = +20
```

ಎರಡನ್ನೂ ಬಿಡಿಸಿ ನೋಡಿ. ಎರಡರಲ್ಲೂ 1/v ಅಂದರೆ 1/20 − 1/30, ಅಂದರೆ 1/60. ಉತ್ತರ 60. ಪೂರ್ತಿ ಇದನ್ನು ಹಿಡಿದರೂ ಸರಿ, ಪೂರ್ತಿ ಅದನ್ನು ಹಿಡಿದರೂ ಸರಿ.

ನಮ್ಮ ಹುಡುಗಿ ಸೂತ್ರವನ್ನು ಮೊದಲನೆಯದರಿಂದ ತಗೊಂಡಿದ್ದಳು, ಚಿಹ್ನೆಯನ್ನು ಎರಡನೆಯದರಿಂದ. ಸೂತ್ರ ಪಠ್ಯಪುಸ್ತಕದ್ದು. "ವಸ್ತು ನಿಜವಾದದ್ದು, ಹಾಗಾಗಿ ಧನ" ಅನ್ನುವ ಮಾತು ಒಂದು ವಿಡಿಯೋದಿಂದ ಬಂದಿತ್ತು. ಕೂಡಿಸಿದರೆ ಹೀಗಾಗುತ್ತದೆ:

```
1/v = 1/20 + 1/30 = 5/60 = 1/12
```

ಪುಸ್ತಕವೂ ತಪ್ಪು ಹೇಳಿಲ್ಲ, ವಿಡಿಯೋವೂ ತಪ್ಪು ಹೇಳಿಲ್ಲ. ಆದರೂ ಉತ್ತರ ತಪ್ಪು. ಇಂಥ ತಪ್ಪು ಹಿಡಿಯೋದು ಭಾರೀ ಕಷ್ಟ. ಯಾವ ಸಾಲನ್ನು ತಾಳೆ ನೋಡಿದರೂ ಅದು ಎಲ್ಲೋ ಒಂದು ಕಡೆ ಅಚ್ಚಾಗಿರುವ ಸಾಲೇ. ಹೋಗಲಿ, ಬಂದ ಉತ್ತರವಾದರೂ ವಿಚಿತ್ರವಾಗಿದೆಯಾ ಅಂದರೆ ಅದೂ ಇಲ್ಲ. 12 ನೋಡಲು ಸಾಧು ಸಂಖ್ಯೆ. ನಾಲ್ಕು ಆಯ್ಕೆ ಕೊಡುವ ಪರೀಕ್ಷೆಯಲ್ಲಿ ಪ್ರಶ್ನೆ ತೆಗೆಯುವವರಿಗೆ ಈ ತಪ್ಪು ಚೆನ್ನಾಗಿ ಗೊತ್ತು. 12 ಕೂಡ ಒಂದು ಆಯ್ಕೆಯಾಗಿ ಕೂತಿರುತ್ತದೆ.

ಇದನ್ನು ಹಿಡಿಯಲು ಒಂದು ದಾರಿ ಇದೆ. ಪೀನ ಲೆನ್ಸಿನ ಮುಂದೆ ಇಟ್ಟ ವಸ್ತುವಿನ ನಿಜ ಪ್ರತಿಬಿಂಬ ಸಂಗಮದೂರಕ್ಕಿಂತ ಹತ್ತಿರ ಬೀಳುವುದೇ ಇಲ್ಲ. ವಸ್ತು ತುಂಬಾ ದೂರ ಹೋದರೆ ಪ್ರತಿಬಿಂಬ ಸಂಗಮದ ಹತ್ತಿರ ಬರುತ್ತದೆ, ಅದಕ್ಕಿಂತ ಒಳಗೆ ಬರುವುದಿಲ್ಲ. ಸಂಗಮದೂರ 20 ಇರುವಾಗ 12 ಅನ್ನುವ ಉತ್ತರ ಸಾಧ್ಯವೇ ಇಲ್ಲ. ಆದರೆ ಇದು ಹೊಳೆಯಬೇಕಾದರೆ ಒಂದೇ ಪುಸ್ತಕದಲ್ಲಿ ವಸ್ತುವನ್ನು ದೂರದಿಂದ ಹತ್ತಿರಕ್ಕೆ ತರುತ್ತಾ ಆರೇಳು ಲೆಕ್ಕ ಸಾಲಾಗಿ ಮಾಡಿರಬೇಕು. ಪ್ರತಿ ಕಡೆಯಿಂದ ಮೊದಲ ಎರಡು ಲೆಕ್ಕ ಮಾತ್ರ ಮಾಡಿದವರಿಗೆ ಆ ಅಂದಾಜು ಹುಟ್ಟುವುದಿಲ್ಲ.

ದರ್ಪಣಕ್ಕೆ ಬಂದರೆ ಗೊಂದಲ ಇನ್ನೂ ಜಾಸ್ತಿ. ಕಾರ್ಟೀಷಿಯನ್ ಪದ್ಧತಿಯಲ್ಲಿ ಲೆನ್ಸಿಗೆ ಕಳೆಯುವ ಸೂತ್ರ, ದರ್ಪಣಕ್ಕೆ ಕೂಡುವ ಸೂತ್ರ. ಇನ್ನೊಂದು ಪದ್ಧತಿಯಲ್ಲಿ ಎರಡಕ್ಕೂ ಕೂಡುವ ಸೂತ್ರವೇ. "ಎರಡಕ್ಕೂ ಒಂದೇ ಫಾರ್ಮುಲಾ ಸಾಕು, ನೆನಪಿಟ್ಟುಕೊಳ್ಳೋದು ಸುಲಭ" ಅಂತ ಒಂದು ವಿಡಿಯೋದಲ್ಲಿ ಕೇಳಿದವರು ಖುಷಿಯಿಂದ ಅದನ್ನು ತಂದು ಪಠ್ಯಪುಸ್ತಕದ ಚಿಹ್ನೆಗಳ ಜೊತೆ ಸೇರಿಸುತ್ತಾರೆ. ಅಲ್ಲಿಗೆ ಲೆನ್ಸಿನ ಲೆಕ್ಕ ಕೆಟ್ಟಿತು.

ಬೆಳಕಿನಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಶಾಖದ ಅಧ್ಯಾಯದಲ್ಲಿ ಭೌತಶಾಸ್ತ್ರದ ಪುಸ್ತಕ ΔU = Q − W ಅನ್ನುತ್ತದೆ, ರಸಾಯನಶಾಸ್ತ್ರದ ಪುಸ್ತಕ ΔU = q + w ಅನ್ನುತ್ತದೆ. ಅಲ್ಲಿ W ಅಂದರೆ ಅನಿಲ ಹೊರಗೆ ಮಾಡಿದ ಕೆಲಸ, ಇಲ್ಲಿ w ಅಂದರೆ ಅನಿಲದ ಮೇಲೆ ಆದ ಕೆಲಸ. 500 ಜೂಲ್ ಶಾಖ ತಗೊಂಡು 200 ಜೂಲ್ ಕೆಲಸ ಮಾಡಿದ ಅನಿಲದ ಒಳಶಕ್ತಿ ಏರುವುದು 300 ಜೂಲ್. ಕಲಬೆರಕೆ ಮಾಡಿದರೆ 700. ಒಂದೇ ದಿನ ಎರಡೂ ವಿಷಯ ಓದುವ ಮಕ್ಕಳಿಗೆ ಇದು ಗ್ಯಾರಂಟಿ ಕೈಕೊಡುತ್ತದೆ. ಅಲ್ಲಿ ಎರಡನ್ನೂ ಓದಲೇಬೇಕು, ಬೇರೆ ದಾರಿಯಿಲ್ಲ. ಬೆಳಕಿನ ಅಧ್ಯಾಯದಲ್ಲಿ ಆ ಕಷ್ಟವನ್ನು ಹಣ ಕೊಟ್ಟು ಮನೆಗೆ ತರುತ್ತೇವೆ.

ಈಗ ಕೋಚಿಂಗ್ ನೋಟ್ಸಿನ ಬಗ್ಗೆ ಎರಡು ಮಾತು. ಬೇರೆಯವರ ನೋಟ್ಸನ್ನು ಯಾಕೋ ನಾವು ಪುಸ್ತಕದ ಸಾರ ಅಂದುಕೊಳ್ಳುತ್ತೇವೆ. ಅದು ಆ ತರಗತಿಯಲ್ಲಿ ಕೂತಿದ್ದವರಿಗೆ ನೆನಪು ತರಲು ಬರೆದದ್ದು. ಅಕ್ಕನ ನೋಟ್ಸಿನಲ್ಲಿ ಲೆನ್ಸಿನ ಸೂತ್ರದ ಪಕ್ಕ ಒಂದು ಸಣ್ಣ ಚೌಕ, ಒಳಗೆ "u ಯಾವಾಗಲೂ −" ಅಂತ ಇತ್ತು. ಅಕ್ಕನಿಗೆ ಅದರ ಹಿಂದಿನ ಹತ್ತು ನಿಮಿಷದ ಪಾಠ ನೆನಪಿತ್ತು. ಯಾವಾಗಲೂ ಋಣ ಅಲ್ಲ ಅನ್ನುವುದೂ ಗೊತ್ತಿತ್ತು. ಎರಡು ಲೆನ್ಸ್ ಸಾಲಾಗಿ ಇದ್ದಾಗ, ಮೊದಲನೆಯ ಲೆನ್ಸಿನ ಪ್ರತಿಬಿಂಬ ಎರಡನೆಯದರ ಆಚೆ ಬೀಳುವಂತಿದ್ದರೆ ಎರಡನೆಯದಕ್ಕೆ u ಧನವಾಗುತ್ತದೆ. ಅದನ್ನು ಆ ಮೇಷ್ಟ್ರು ಬಾಯಲ್ಲಿ ಹೇಳಿರುತ್ತಾರೆ, ಅಕ್ಕ ಬರೆದುಕೊಂಡಿಲ್ಲ. ತಂಗಿಗೆ ಸಿಕ್ಕಿದ್ದು ಚೌಕ ಮಾತ್ರ. ನಿಮ್ಮದೇ ನೋಟ್ಸ್ ಆಗಿದ್ದರೆ ಬೇರೆ ಮಾತು. ಬೇರೆಯವರದ್ದಾದರೆ ಅದರಲ್ಲಿ ಬಿಟ್ಟುಹೋದದ್ದು ಏನು ಅಂತ ಆ ನೋಟ್ಸ್ ನೋಡಿ ತಿಳಿಯುವ ದಾರಿಯೇ ಇಲ್ಲ.

ಹಾಗಿದ್ದರೂ ಜಿಗಿಯಬೇಕು ಅಂತ ಯಾಕೆ ಅನಿಸುತ್ತದೆ? ಜಿಗಿದ ತಕ್ಷಣ ಹಿತವಾಗುತ್ತದೆ, ಅದಕ್ಕೆ. ಹೊಸ ವಿಡಿಯೋದ ಮೊದಲ ಹತ್ತು ನಿಮಿಷದಲ್ಲಿ ಬರುವುದೆಲ್ಲ ಗೊತ್ತಿರುವುದೇ. ತಲೆ ಅಲ್ಲಾಡಿಸಿಕೊಂಡು ನೋಡಬಹುದು. ಅರ್ಥವಾಗುತ್ತಿದೆ ಅನ್ನುವ ಭಾವನೆ ಬರುತ್ತದೆ. ಆ ಭಾವನೆಯನ್ನು ಎಷ್ಟು ನಂಬಬಹುದು ಅಂತ ಅಳೆದು ನೋಡಿದವರಿದ್ದಾರೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಣ್ಣ ವಿಜ್ಞಾನ ಬರಹ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿಯೂ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಬರಹ ನೋಡದೆ ನೆನಪಿದ್ದಷ್ಟನ್ನು ಬರೆಯಿತು.

ಐದು ನಿಮಿಷದ ನಂತರ ಕೇಳಿದಾಗ ಓದುತ್ತಲೇ ಇದ್ದವರು ಮುಂದಿದ್ದರು. ಅವರಿಗೆ ಶೇಕಡ 83ರಷ್ಟು ನೆನಪಿತ್ತು, ಬರೆದವರಿಗೆ 71. ಒಂದು ವಾರ ಕಳೆದ ಮೇಲೆ ಲೆಕ್ಕ ಉಲ್ಟಾ ಆಯಿತು. ಓದುತ್ತಲೇ ಇದ್ದವರಲ್ಲಿ ಉಳಿದದ್ದು 40, ಬರೆದವರಲ್ಲಿ 61. ಇದಕ್ಕಿಂತ ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ವಾರದ ನಂತರ ನಿಮಗೆ ಎಷ್ಟು ನೆನಪಿರಬಹುದು ಅಂತ ಮೊದಲೇ ಕೇಳಿದ್ದಾಗ, ಜಾಸ್ತಿ ಧೈರ್ಯ ತೋರಿಸಿದ್ದು ಓದುತ್ತಲೇ ಇದ್ದ ಗುಂಪು.

ಈ ಪ್ರಯೋಗದಲ್ಲಿ ಒಂದೇ ಬರಹವನ್ನು ಮತ್ತೆ ಮತ್ತೆ ಓದಿಸಿದರು, ಐದು ಬೇರೆ ಪುಸ್ತಕಗಳನ್ನಲ್ಲ. ಲೆಕ್ಕ ಬಿಡಿಸುವುದನ್ನೂ ಇದು ಅಳೆದಿಲ್ಲ. ಆದರೂ ಜಿಗಿದಾಟದ ಹಿತ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಇದರಲ್ಲಿ ಸುಳಿವಿದೆ. ಅದೇ ಅಧ್ಯಾಯದ ನಾಲ್ಕನೇ ವಿಡಿಯೋ ಅಂದರೆ ನಾಲ್ಕನೇ ಓದು. ಆ ಕ್ಷಣಕ್ಕೆ ಎಲ್ಲ ಬಂದ ಹಾಗೇ ಇರುತ್ತದೆ. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ ಅಲ್ವಾ?

ಅವಳು ಹೇಗೆ ಬಿಟ್ಟಳು ಅಂತ ಹೇಳುತ್ತೇನೆ. ಎಲ್ಲವನ್ನೂ ಕಟ್ಟಿ ಅಟ್ಟಕ್ಕೆ ಹಾಕು ಅಂತ ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಮೂರು ದಿನ ನಡೆಯುತ್ತದೆ, ನಾಲ್ಕನೇ ದಿನ ಅಟ್ಟದಿಂದ ಇಳಿಯುತ್ತದೆ.

ಮೊದಲು ಒಂದನ್ನು ಮೂಲ ಅಂತ ಆರಿಸಬೇಕಿತ್ತು. ಯಾವ ಪುಸ್ತಕ ಎಲ್ಲಕ್ಕಿಂತ ಒಳ್ಳೆಯದು ಅನ್ನುವ ವಿಚಾರಣೆಗೆ ಇಳಿಯಬಾರದು. ಅದೇ ಇನ್ನೊಂದು ಜಿಗಿದಾಟ, ಅಭಿಪ್ರಾಯ ಓದುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ನಾನು ನೋಡಿದ್ದು ಮೂರು ಸಂಗತಿ ಮಾತ್ರ. ಪರೀಕ್ಷೆಯ ಪಠ್ಯಕ್ರಮದ ಅಧ್ಯಾಯಗಳು ಇದರಲ್ಲಿ ಇವೆಯಾ? ಬಿಡಿಸಿದ ಲೆಕ್ಕಗಳಲ್ಲಿ ಮಧ್ಯದ ಹೆಜ್ಜೆಗಳಿವೆಯಾ? ಅಭ್ಯಾಸದ ಲೆಕ್ಕಗಳಿಗೆ ಉತ್ತರ ಇದೆಯಾ? ಪಠ್ಯಪುಸ್ತಕ ಮೂರಕ್ಕೂ ಸರಿಹೊಂದಿತು. ಅಲ್ಲಿರುವುದು ಕಾರ್ಟೀಷಿಯನ್ ಪದ್ಧತಿ. ಆ ಅಧ್ಯಾಯದ ಮೊದಲ ಪುಟದ ತಲೆಯಲ್ಲಿ ಅವಳು ಪದ್ಧತಿಯ ಹೆಸರು, ಎರಡು ಸೂತ್ರ, ಒಂದು ಬಾಣದ ಚಿತ್ರ ಬರೆದಳು. ಯಾವ ಲೆಕ್ಕ ಮಾಡುವಾಗಲೂ ಕಣ್ಣು ಮೊದಲು ಅಲ್ಲಿಗೆ ಹೋಗಬೇಕು ಅಂತ ಮಾತಾಯಿತು.

ಉಳಿದ ನಾಲ್ಕನ್ನು, ವಿಡಿಯೋಗಳನ್ನು ಮುಟ್ಟಬಾರದು ಅಂತಲ್ಲ. ಮುಟ್ಟಬೇಕಾದರೆ ಒಂದು ಪ್ರಶ್ನೆ ಬರೆದಿರಬೇಕು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಪೂರ್ತಿ ವಾಕ್ಯದಲ್ಲಿ, ಪ್ರಶ್ನೆ ಚಿಹ್ನೆ ಹಾಕಿ. "ಲೆನ್ಸ್ ಅರ್ಥ ಆಗ್ತಿಲ್ಲ" ಅನ್ನುವುದು ನಡೆಯುವುದಿಲ್ಲ. ಅವಳ ಮೊದಲ ಪ್ರಶ್ನೆ ಹೀಗಿತ್ತು: "ವಸ್ತು ಸಂಗಮ ಬಿಂದುವಿನ ಮೇಲೇ ಇದ್ದರೆ 1/v ಸೊನ್ನೆ ಬರುತ್ತದೆ, ಆಗ ಪ್ರತಿಬಿಂಬ ಎಲ್ಲಿದೆ?" ಇದಕ್ಕೆ ಉತ್ತರ ಹುಡುಕಲು ಇಡೀ ವಿಡಿಯೋ ನೋಡಬೇಕಾಗಿಲ್ಲ. ದಪ್ಪ ಪುಸ್ತಕದ ಒಂದು ಚಿತ್ರ ಸಾಕಾಯಿತು. ಕಿರಣಗಳು ಸಮಾನಾಂತರವಾಗಿ ಹೊರಡುತ್ತವೆ, ಎಲ್ಲೂ ಸೇರುವುದಿಲ್ಲ. ಅದನ್ನು ಎರಡು ಸಾಲಿನಲ್ಲಿ ತನ್ನ ಮಾತಿನಲ್ಲಿ ಬರೆದು ಪುಸ್ತಕ ಮುಚ್ಚಿದಳು. ತಂದ ಸಾಲಿನಲ್ಲಿ ಚಿಹ್ನೆ ಇದ್ದರೆ ಮೂಲದ ಪದ್ಧತಿಗೆ ತಿರುಗಿಸಿಯೇ ಬರೆಯಬೇಕು. ಹಾಗೇ ನಕಲು ಮಾಡಿದರೆ ಮತ್ತೆ 12 ಬರುತ್ತದೆ.

ಪ್ರಶ್ನೆ ಬರೆಯುವುದರಲ್ಲೇ ಅರ್ಧ ಕೆಲಸ ಆಗಿಬಿಡುತ್ತದೆ ಅನ್ನುವುದನ್ನು ನಾನು ಅನೇಕ ಮಕ್ಕಳಲ್ಲಿ ನೋಡಿದ್ದೇನೆ. ವಾಕ್ಯ ಪೂರ್ತಿ ಮಾಡಲು ಹೋದಾಗ ಉತ್ತರವೇ ಹೊಳೆದು ಪೆನ್ನು ನಿಲ್ಲುತ್ತದೆ. ಇಲ್ಲವೇ ಪ್ರಶ್ನೆ ಬರೆಯಲು ಬರುವುದೇ ಇಲ್ಲ. ಬರದಿದ್ದರೆ ಅದು ಹಿಂದಿನ ತರಗತಿಯ ಸಮಸ್ಯೆ, ತ್ರಿಭುಜದ ಹಾಗೆ.

ವಿಡಿಯೋಗೆ ಒಂದು ಪ್ರತ್ಯೇಕ ಕಟ್ಟಳೆ ಬೇಕಾಯಿತು. ವಿಡಿಯೋದಲ್ಲಿ ಲೆಕ್ಕ ತೆರೆಯ ಮೇಲೆ ಬಂದ ಕ್ಷಣಕ್ಕೆ ನಿಲ್ಲಿಸಬೇಕು. ತಾನು ಮಾಡಿ ಮುಗಿಸಿದ ಮೇಲೆ, ಇಲ್ಲವೇ ಮಾಡಲು ಹೋಗಿ ಸಿಕ್ಕಿಬಿದ್ದ ಮೇಲೆ ಮುಂದುವರಿಸಬೇಕು. ಮೇಷ್ಟ್ರು ಬಿಡಿಸಿದ್ದನ್ನು ನೋಡಿದರೆ ಅದು ಅವರ ಲೆಕ್ಕ. ವೇಗ ಜಾಸ್ತಿ ಮಾಡಿ ನೋಡುವವರಿಗಂತೂ ಇದು ಮೊದಲ ದಿನ ಹಿಂಸೆ. ಇಪ್ಪತ್ತು ನಿಮಿಷದ ವಿಡಿಯೋ ಒಂದು ಗಂಟೆ ಹಿಡಿಯುತ್ತದೆ. ಆಮೇಲೆ ಎಷ್ಟೋ ವಿಡಿಯೋ ನೋಡುವ ಆಸೆ ತಾನೇ ಇಳಿಯುತ್ತದೆ. ನನಗೆ ಬೇಕಾಗಿದ್ದದ್ದೂ ಅದೇ.

ಎರಡನೇ ವಾರಕ್ಕೆ ಭಯ ಶುರುವಾಯಿತು. "ಸರ್, ಈ ಪುಸ್ತಕದಲ್ಲಿ ಇಲ್ಲದ್ದನ್ನ ಪರೀಕ್ಷೇಲಿ ಕೇಳಿದ್ರೆ?" ಎಲ್ಲರಿಗೂ ಬರುವ ಭಯ ಇದು. ಗೆಳತಿಯ ಕೈಯಲ್ಲಿ ಹೊಸ ನೋಟ್ಸ್ ಕಂಡರೆ ಇನ್ನೂ ಜೋರಾಗುತ್ತದೆ. ಧೈರ್ಯ ಹೇಳಿದರೆ ಹೋಗುವ ಭಯವಲ್ಲ ಇದು, ಎಣಿಸಿ ತೋರಿಸಬೇಕು. ಹಳೆಯ ಪ್ರಶ್ನೆಪತ್ರಿಕೆಗಳಿಂದ ಬೆಳಕಿನ 20 ಪ್ರಶ್ನೆ ತೆಗೆದು ಕೊಟ್ಟೆ. ತಪ್ಪಾದ ಪ್ರತಿಯೊಂದರ ಮುಂದೆ, ಇದಕ್ಕೆ ಬೇಕಾದ ಸಂಗತಿ ಮೂಲ ಪುಸ್ತಕದಲ್ಲಿ ಎಲ್ಲಿದೆ ಅಂತ ಪುಟದ ಸಂಖ್ಯೆ ಬರೆಯಬೇಕು. ಇಲ್ಲದಿದ್ದರೆ "ಇಲ್ಲ" ಅಂತ ಬರೆಯಬೇಕು. ಅವಳಿಗೆ 11 ತಪ್ಪಾದವು. ಒಂಬತ್ತಕ್ಕೆ ಪುಟದ ಸಂಖ್ಯೆ ಸಿಕ್ಕಿತು. ಎರಡಕ್ಕೆ ಸಿಗಲಿಲ್ಲ. ಎರಡೂ ಒಂದೇ ಬಗೆಯವು, ಲೆನ್ಸಿನ ಒಂದು ಬದಿಗೆ ಬೆಳ್ಳಿ ಲೇಪಿಸಿದರೆ ಏನಾಗುತ್ತದೆ ಅನ್ನುವ ಲೆಕ್ಕ. ಅದನ್ನು ದಪ್ಪ ಪುಸ್ತಕದಿಂದ ಒಂದು ಸಂಜೆ ಓದಿದಳು. ಹೊರಗಿನಿಂದ ತರಬೇಕಾಗಿದ್ದದ್ದು ಇಷ್ಟು. ಉಳಿದ ಒಂಬತ್ತು ಮನೆಯಲ್ಲೇ ಇದ್ದವು. ಅದರಲ್ಲೂ ನಾಲ್ಕು ಚಿಹ್ನೆಯ ತಪ್ಪುಗಳು.

ಬೇರೆಯವರಿಗೆ ಈ ಎಣಿಕೆ ಬೇರೆ ಬರಬಹುದು. "ಇಲ್ಲ" ಅನ್ನುವುದೇ ಜಾಸ್ತಿ ಬಂದರೆ ಮೂಲವನ್ನು ಬದಲಿಸಲೇಬೇಕು, ಹಟ ಹಿಡಿಯಬಾರದು. ಉತ್ತರಗಳು ಪದೇ ಪದೇ ತಪ್ಪಾಗಿ ಅಚ್ಚಾಗಿದ್ದರೂ ಅಷ್ಟೇ. ಬಿಡಿಸಿದ ಲೆಕ್ಕದಲ್ಲಿ ಎರಡನೇ ಸಾಲಿನಿಂದ ಆರನೇ ಸಾಲಿಗೆ ಹಾರುವ ಪುಸ್ತಕವನ್ನೂ ಬಿಡಬಹುದು. ಆದರೆ ಬದಲಿಸುವುದು ಅಧ್ಯಾಯ ಮುಗಿದ ಮೇಲೆ. ಮಧ್ಯದಲ್ಲಿ ಬದಲಿಸಿದರೆ ಹೊಸ ಪುಸ್ತಕದ ಮೊದಲ ಪುಟಕ್ಕೇ ಹೋಗುತ್ತೀರಿ, ಬಿಟ್ಟ ಜಾಗಕ್ಕಲ್ಲ. ಪುಸ್ತಕ ಕಷ್ಟ ಅನ್ನುವುದು ಮಾತ್ರ ಕಾರಣವಾಗಬಾರದು. ಪುಸ್ತಕ ಕಷ್ಟವೋ ವಿಷಯ ಕಷ್ಟವೋ ಅಂತ ತಿಳಿಯಲು, ನಿಂತ ಸಾಲನ್ನು ದಾಟಿ ಮುಂದಿನ ಬಿಡಿಸಿದ ಲೆಕ್ಕವನ್ನು ಕೈಯಾರೆ ಮಾಡಿ, ಮತ್ತೆ ಆ ಸಾಲಿಗೆ ಬನ್ನಿ. ಆಗ ಸಾಲು ಬಿಚ್ಚಿಕೊಂಡರೆ ಪುಸ್ತಕದ ತಪ್ಪಿಲ್ಲ.

ಅವಳು ಪಠ್ಯಪುಸ್ತಕದ ಬೆಳಕಿನ ಅಧ್ಯಾಯ ಮುಗಿಸಿ, ಕೊನೆಯ ಲೆಕ್ಕಗಳನ್ನು ಮಾಡಿ, ತಪ್ಪಾದವನ್ನು ಮೂರು ದಿನ ಬಿಟ್ಟು ಮತ್ತೆ ಮಾಡಿದಳು. ಆಮೇಲೆ ದಪ್ಪ ಪುಸ್ತಕ ತೆಗೆಯಲಾ ಅಂತ ಕೇಳಿದಳು. ತೆಗಿ, ಆದರೆ ಹಿಂದಿನಿಂದ ತೆಗಿ ಅಂದೆ. ಎರಡನೇ ಪುಸ್ತಕದ ವಿವರಣೆ ಈಗ ಬೇಡ, ಲೆಕ್ಕಗಳು ಬೇಕು. ಅಧ್ಯಾಯದ ಕೊನೆಯ ಅಭ್ಯಾಸಕ್ಕೆ ನೇರ ಹೋಗಬೇಕು, ಸಿಕ್ಕಿಬಿದ್ದಾಗ ಮಾತ್ರ ಅದಕ್ಕೆ ಸಂಬಂಧಪಟ್ಟ ಪುಟಕ್ಕೆ ಹಿಂದೆ ಬರಬೇಕು. ಆ ಪುಸ್ತಕ ಹಿಡಿದಿರುವುದು ಎರಡನೇ ಪದ್ಧತಿ. ಹಾಗಾಗಿ ಮೊದಲ ಐದು ಲೆಕ್ಕಗಳನ್ನು ಎರಡೂ ಪದ್ಧತಿಯಲ್ಲಿ, ಪುಟದ ಎಡಕ್ಕೊಂದು ಬಲಕ್ಕೊಂದು, ಅಕ್ಕಪಕ್ಕ ಬಿಡಿಸಿದಳು. ಐದಕ್ಕೂ ಎರಡೂ ಕಡೆ ಒಂದೇ ಜಾಗದಲ್ಲಿ ಪ್ರತಿಬಿಂಬ ಬಂತು. ಒಂದರಲ್ಲಿ ಮಾತ್ರ ಎಡಗಡೆ −15, ಬಲಗಡೆಯೂ −15. ಮಿಥ್ಯ ಪ್ರತಿಬಿಂಬ ಅದು. ನಿಜ ಪ್ರತಿಬಿಂಬಕ್ಕೆ ಎರಡೂ ಕಡೆ ಧನ, ಮಿಥ್ಯಕ್ಕೆ ಎರಡೂ ಕಡೆ ಋಣ. "ಹಾಗಾದ್ರೆ ಲೆನ್ಸಿಗೆ v ಯಾವಾಗ್ಲೂ ಎರಡರಲ್ಲೂ ಒಂದೇ ಬರ್ಬೇಕಲ್ವಾ ಸರ್? ಬದಲಾಗೋದು u ಒಂದೇ" ಅಂದಳು. ಒಂಟಿ ಲೆನ್ಸಿಗೆ ಹೌದು. ದರ್ಪಣಕ್ಕೂ ಹೀಗೇನಾ ಅಂತ ನೋಡಲು ಅವಳು ಪುಟ ತಿರುಗಿಸಿದಳು.